ಶೀಟಿನ ಮಾಡಿನಡಿ ಮಳೆಯ ಸದ್ದು ತಗ್ಗಿಸಲು

ತೀರ್ಥಹಳ್ಳಿ, ಹೊಸನಗರ, ಶೃಂಗೇರಿ ಕಡೆಯ ಹಳೆಯ ಮನೆಗಳಲ್ಲಿ ಹಂಚು ಇಳಿಸಿ ಶೀಟು ಹೊದಿಸುವುದು ಈಗ ಸಾಮಾನ್ಯ. ಮಂಗನ ಕಾಟಕ್ಕೆ ಹಂಚು ಉಳಿಯುವುದಿಲ್ಲ, ವರ್ಷ ವರ್ಷ ಕೈಯಾಡಿಸಲು ಆಳು ಸಿಗುವುದಿಲ್ಲ. ಶೀಟಿಗೆ ಆ ರಗಳೆ ಇಲ್ಲ. ಆದರೆ ಜೂನ್ ಬಂತೆಂದರೆ ಬೇರೆಯದೇ ರಗಳೆ ಶುರು: ಫೋನಿನಲ್ಲಿ ಮಾತು ಕೇಳಿಸದು, ಮಕ್ಕಳ ಓದು ಸಾಗದು, ರಾತ್ರಿ ಎರಡು ಸಲ ಎಚ್ಚರ. ಆಗ ಅಂಗಡಿಗೆ ಹೋದವರು ಹೆಚ್ಚಾಗಿ ತರುವುದು ಗುಳ್ಳೆಗುಳ್ಳೆಯ ಬೆಳ್ಳಿ ಹಾಳೆಯನ್ನೋ ಥರ್ಮೋಕೋಲ್ ಹಲಗೆಯನ್ನೋ. ಅವನ್ನು ಹೊಡೆಸಿದ ಮೇಲೆ ಬೇಸಿಗೆಯ ಸೆಕೆ ಕಡಿಮೆಯಾಗುತ್ತದೆ, ಮಳೆಯ ಸದ್ದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಸೆಕೆ ತಡೆಯುವ ವಸ್ತುವೆಲ್ಲ ಸದ್ದನ್ನೂ ತಡೆಯುತ್ತದೆ ಎಂದುಕೊಂಡದ್ದೇ ಇದಕ್ಕೆ ಕಾರಣ.

ಸದ್ದು ಹುಟ್ಟುವುದು ಎಲ್ಲಿ ಎಂದು ಮೊದಲು ನೋಡಬೇಕು. ರಸ್ತೆಯ ಸದ್ದು ಎಲ್ಲೋ ಹುಟ್ಟಿ ಗಾಳಿಯಲ್ಲಿ ಬರುತ್ತದೆ. ಮಳೆಯ ಸದ್ದು ಹುಟ್ಟುವುದು ಶೀಟಿನಲ್ಲೇ. ಹನಿ ಬಡಿದಾಗ ತಗಡು ಬಾಗಿ ಅದುರುತ್ತದೆ, ಅದುರಿದ ತಗಡು ಕೆಳಗಿನ ಕೋಣೆಗೆ ಸದ್ದನ್ನು ಸುರಿಯುತ್ತದೆ. ಮಂಗಳೂರು ಹಂಚಿನ ಮಾಡು ಚದರ ಮೀಟರ್‌ಗೆ ಸುಮಾರು 40 ಕಿಲೋ ತೂಗಿದರೆ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟಿನ ತೂಕ 4 ಕಿಲೋ. ಹತ್ತರಲ್ಲೊಂದು ಪಾಲು ತೂಕದ ತಗಡನ್ನು ಅಲುಗಿಸಲು ಹನಿಗೆ ಕಷ್ಟವೇ ಇಲ್ಲ. ಅದರಲ್ಲೂ ಹನಿ ದಪ್ಪವಾದಷ್ಟೂ ಪೆಟ್ಟು ವಿಪರೀತ ಏರುತ್ತದೆ. 2 ಮಿ.ಮೀ. ಹನಿಗಿಂತ 5 ಮಿ.ಮೀ. ಹನಿಯ ತೂಕ ಹದಿನೈದು ಪಟ್ಟಿಗೂ ಹೆಚ್ಚು, ಬೀಳುವ ವೇಗವೂ ಹೆಚ್ಚು. ಒಟ್ಟು ಶಕ್ತಿ ಸುಮಾರು 30 ಪಟ್ಟು. ಜಿಟಿಜಿಟಿ ಮಳೆಗೆ ಸುಮ್ಮನಿದ್ದ ಮಾಡು ದಪ್ಪ ಹನಿಗೆ ಅಬ್ಬರಿಸುವುದು ಇದಕ್ಕೇ.

ಹಾಗಾಗಿ ಮಾಡಬೇಕಾದ ಕೆಲಸ ಎರಡು. ಒಂದು, ತಗಡು ಅದುರುವುದನ್ನೇ ಅಡಗಿಸುವುದು. ಬಾರಿಸುತ್ತಿರುವ ಚಂಡೆಯ ಮೇಲೆ ಅಂಗೈ ಇಟ್ಟರೆ ನಾದ ಸತ್ತು ಬರೀ ‘ದಬ್’ ಉಳಿಯುವಂತೆ, ಶೀಟಿನ ಒಳಮೈಗೆ ಮೆತ್ತಗಿನದೇನಾದರೂ ತಾಗಿಕೊಂಡಿರಬೇಕು. ಎರಡು, ಅಷ್ಟಾದರೂ ಉಳಿದ ಸದ್ದು ಕೋಣೆಗೆ ಇಳಿಯದಂತೆ ಭಾರವಾದ, ಸಂದಿಯಿಲ್ಲದ ಒಳಮಾಳಿಗೆಯನ್ನು ಶೀಟಿನ ಚೌಕಟ್ಟಿಗೆ ತಾಗದಂತೆ ಕಟ್ಟುವುದು. ಬೆಳ್ಳಿ ಹಾಳೆಗೆ ತೂಕವಿಲ್ಲ, ಅದು ಶೀಟಿಗೆ ಒತ್ತಿಕೊಂಡೂ ಇರುವುದಿಲ್ಲ. ಥರ್ಮೋಕೋಲ್ ಹಗುರ, ಗಡುಸು. ಅದುರುವಿಕೆಯನ್ನು ಹೀರುವ ಗುಣ ಅದಕ್ಕಿಲ್ಲ, ಬೆಂಕಿಯ ಭಯ ಬೇರೆ. ಪಿವಿಸಿ ಪಟ್ಟಿಯ ಸೀಲಿಂಗ್ ನೋಡಲು ಚೆಂದ, ಆದರೆ ಸದ್ದಿಗೆ ಅದು ತೆಳು ಪರದೆ. ಈ ಎರಡು ಕೆಲಸಕ್ಕೆ ಬೇಕಾದದ್ದು ರಾಕ್‌ವೂಲ್ ಮತ್ತು ಸಿಮೆಂಟ್ ಫೈಬರ್ ಬೋರ್ಡ್.

12 ಅಡಿ ಉದ್ದ, 10 ಅಡಿ ಅಗಲದ ಒಂದು ಮಲಗುವ ಕೋಣೆಯನ್ನೇ ತೆಗೆದುಕೊಳ್ಳೋಣ. ಮೇಲೆ ಕಬ್ಬಿಣದ ಅಡ್ಡ ಪೈಪುಗಳು, ಅವುಗಳ ಮೇಲೆ ಶೀಟು. ಕೆಲಸ ಬೇಸಿಗೆಯಲ್ಲೇ ಆಗಬೇಕು. ಮೊದಲು ಮಾಡಿನ ಮೇಲೆ ಹತ್ತಿಸಿ ಸ್ಕ್ರೂಗಳನ್ನು ನೋಡಿಸಿ: ಸಡಿಲವಾದದ್ದನ್ನು ಬಿಗಿಸಿ, ಒಣಗಿ ಬಿರಿದ ರಬ್ಬರ್ ವಾಷರ್ ಬದಲಿಸಿ. ಸೋರುವ ಮಾಡಿಗೆ ಒಳಗಿನಿಂದ ಹೊದಿಕೆ ಕೊಟ್ಟರೆ ಸೋರಿಕೆ ಕಣ್ಣಿಗೆ ಬೀಳದೆ ಒಳಗೊಳಗೇ ಕೊಳೆಯುತ್ತದೆ.

ಆಮೇಲೆ 50 ಮಿ.ಮೀ. ದಪ್ಪದ, ಘನ ಮೀಟರ್‌ಗೆ 48 ಕಿಲೋ ಸಾಂದ್ರತೆಯ ರಾಕ್‌ವೂಲ್ ತರಿಸಿ. ಪೈಪುಗಳ ನಡುವಿನ ಜಾಗಕ್ಕಿಂತ ಒಂದು ಬೆರಳಷ್ಟು ಅಗಲ ಹೆಚ್ಚಿಟ್ಟು ಕತ್ತರಿಸಿ, ಶೀಟಿಗೆ ತಾಗುವಂತೆ ಒತ್ತಿ ಕೂರಿಸಿ, ಕೆಳಗಿನಿಂದ ಜಿಐ ತಂತಿಯನ್ನು ಅಡ್ಡಡ್ಡ ಬಿಗಿದು ನಿಲ್ಲಿಸಬೇಕು. ಶೀಟಿನ ಉಬ್ಬುಗಳ ಒಳಗೆ ಹತ್ತಿ ತುಂಬದಿದ್ದರೂ ಪರವಾಗಿಲ್ಲ, ಚಪ್ಪಟೆ ಭಾಗಕ್ಕೆಲ್ಲ ತಾಗಿದರೆ ಸಾಕು. ಇಳಿಜಾರು ಸೇರಿ ಸುಮಾರು 12 ಚದರ ಮೀಟರ್ ಮಾಡಿಗೆ ಬೀಳುವ ಹೆಚ್ಚುವರಿ ಭಾರ 30 ಕಿಲೋ ಒಳಗೇ. ಅದರ ನಾರು ಮೈ ತುರಿಸುತ್ತದೆ; ಕೆಲಸದವರಿಗೆ ತುಂಬುತೋಳಿನ ಅಂಗಿ, ಕೈಗವಸು, ಮಾಸ್ಕ್ ಕಡ್ಡಾಯ.

ಮಲೆನಾಡಿನಲ್ಲಿ ಇಲ್ಲೊಂದು ಎಚ್ಚರ ಬೇಕು. ಮಳೆಗೆ ತಣ್ಣಗಾದ ಶೀಟಿಗೆ ಮನೆಯೊಳಗಿನ ತೇವದ ಗಾಳಿ ತಾಗಿದರೆ ಒಳಮೈ ಬೆವರುತ್ತದೆ. ಆ ನೀರು ರಾಕ್‌ವೂಲಿಗೆ ಇಳಿದರೆ ಅದು ತೂಗುಬಿದ್ದು ಶೀಟಿನಿಂದ ಬಿಟ್ಟುಕೊಳ್ಳುತ್ತದೆ, ಸದ್ದು ಮರಳುತ್ತದೆ. ಆದ್ದರಿಂದ ಒಂದು ಮೈಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ರಾಕ್‌ವೂಲನ್ನೇ ಕೊಂಡು, ಹಾಳೆಯ ಮೈಯನ್ನು ಕೋಣೆಯ ಕಡೆಗೆ ಮಾಡಿ, ಎಲ್ಲ ಸೇರುವೆಗಳಿಗೆ ಅಲ್ಯೂಮಿನಿಯಂ ಟೇಪ್ ಹಚ್ಚಬೇಕು. ಸೂರಿನ ತುದಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಯದಿದ್ದರೆ ಮುಂದಿನ ಮಳೆಗಾಲಕ್ಕೆ ಇಲಿ ಅದರಲ್ಲೇ ಸಂಸಾರ ಹೂಡುತ್ತದೆ.

ಇನ್ನು ಒಳಮಾಳಿಗೆ. ಹೆಚ್ಚಿನವರು ಎಡವುವುದು ಇಲ್ಲೇ: ಬೋರ್ಡಿನ ಚೌಕಟ್ಟನ್ನು ಮೇಲಿನ ಅಡ್ಡ ಪೈಪುಗಳಿಗೇ ನೇತುಹಾಕುತ್ತಾರೆ. ಹಾಗೆ ಮಾಡಿದರೆ ಶೀಟಿನ ಅದುರು ಪೈಪಿಗೆ, ಪೈಪಿನಿಂದ ಬೋರ್ಡಿಗೆ ಇಳಿದು, ಬೋರ್ಡೇ ಇನ್ನೊಂದು ತಗಡಾಗುತ್ತದೆ. ಕೋಣೆಯ ಅಗಲ 10 ಅಡಿಯಷ್ಟೇ ಇರುವುದರಿಂದ ಗೋಡೆಯಿಂದ ಗೋಡೆಗೆ 2 ಅಡಿಗೊಂದರಂತೆ 50 ಮಿ.ಮೀ.ಯ ಚೌಕ ಪೈಪು ಕೊಟ್ಟು, ತುದಿಗಳ ಕೆಳಗೆ ರಬ್ಬರ್ ತುಂಡು ಇಟ್ಟರೆ ಭಾರವೆಲ್ಲ ಗೋಡೆಗೇ ಹೋಗುತ್ತದೆ. ಅದಕ್ಕೆ 8 ಮಿ.ಮೀ. ಸಿಮೆಂಟ್ ಬೋರ್ಡ್, 8×4 ಅಡಿಯದು ನಾಲ್ಕು. ಇದರ ತೂಕ 120 ಕಿಲೋ ಆಸುಪಾಸು. ಇಲ್ಲಿ ತೂಕವೇ ಗುಣ. ಜಿಪ್ಸಮ್ ಬೋರ್ಡೂ ಆಗುತ್ತದೆ, ಆದರೆ ತೇವಕ್ಕೆ ಅದು ಬಾಳದು. ಗೋಡೆಯ ಅಂಚಿನ ಸಂದಿ, ಬೋರ್ಡಿನ ಸೇರುವೆ ಎಲ್ಲವನ್ನೂ ಸೀಲೆಂಟ್‌ನಿಂದ ಮುಚ್ಚಬೇಕು. ಫ್ಯಾನಿನ ರಾಡು ಬೋರ್ಡಿಗೆ ತಾಗದಂತೆ ತೂತು ಕೊಂಚ ದೊಡ್ಡದಿರಲಿ, ಸಂದಿಗೆ ಮೆತ್ತನೆಯ ಫೋಮ್ ತುಂಬಲಿ. ಸೋರಿಕೆ ನೋಡಲು ಮೂಲೆಯಲ್ಲೊಂದು ಬಿಗಿಯಾದ ಮುಚ್ಚಳ ಬೇಕು.

ಫಲ ತಿಳಿಯಲು ಮಳೆಗಾಲಕ್ಕೆ ಕಾಯಬೇಕಿಲ್ಲ. ಪೈಪಿನ ನೀರನ್ನು ಮೇಲಕ್ಕೆ ಚಿಮ್ಮಿಸಿ ಮಾಡಿನ ಮೇಲೆ ಬೀಳಿಸಿ, ಒಳಗೆ ಫೋನಿನ ಡೆಸಿಬಲ್ ಆ್ಯಪ್‌ನಲ್ಲಿ ಕೆಲಸಕ್ಕೆ ಮೊದಲೊಮ್ಮೆ, ರಾಕ್‌ವೂಲ್ ಆದಾಗೊಮ್ಮೆ, ಕೊನೆಗೊಮ್ಮೆ ಅಳೆಯಿರಿ. ನಿಜವಾದ ಮಳೆಗೂ ಇದಕ್ಕೂ ಅಂಕಿ ಸರಿಹೊಂದದು, ಆದರೆ ಒಂದಕ್ಕೊಂದು ಹೋಲಿಸಲು ಸಾಕು. 10 ಡೆಸಿಬಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ. ಕೆಲಸ ಮುಗಿದ ಮೇಲೂ ಒಂದೇ ಕಡೆಯಿಂದ ‘ಟಕಟಕ’ ಕೇಳಿದರೆ ಅಲ್ಲೆಲ್ಲೋ ಬೋರ್ಡು, ರಾಡು, ತಂತಿ ಒಂದಕ್ಕೊಂದು ತಾಗಿದೆ. ಗೋಡೆಯ ಅಂಚಿನಿಂದ ಸದ್ದು ಬಂದರೆ ಸಂದಿ ಉಳಿದಿದೆ. ಸುತ್ತಲೂ ಮಂದವಾದ ‘ಗುಂ’ ಮಾತ್ರ ಇದ್ದರೆ ಅದು ತಗ್ಗು ಸ್ವರ. ಇನ್ನೊಂದು ಪದರ ಬೋರ್ಡ್ ಕೊಟ್ಟರೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ನಡುಗೋಡೆ ಮಾಡಿನವರೆಗೆ ಏರದ ಮನೆಗಳಲ್ಲಿ ಪಕ್ಕದ ಕೋಣೆಯ ಸದ್ದು ಬಾಗಿಲಿನಿಂದಲೂ ಬರುತ್ತದೆ. ಹಾಗಾಗಿ ಇಡೀ ಮನೆಗೆ ಅರೆಬರೆ ಮಾಡಿಸುವ ದುಡ್ಡಿನಲ್ಲಿ ಮಲಗುವ ಕೋಣೆಯೊಂದನ್ನು ಬಾಗಿಲಿನ ಸಂದಿ ಸಮೇತ ಸರಿಯಾಗಿ ಮುಗಿಸಿಕೊಳ್ಳುವುದು ಲೇಸು. ಕೈ ಬಿಗಿಯಿದ್ದರೆ ಈ ವರ್ಷ ರಾಕ್‌ವೂಲ್ ಮಾತ್ರ ಕೂರಿಸಿ, ಬೋರ್ಡನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಬಹುದು. ನಡುವಿನ ಮಳೆಗಾಲದಲ್ಲಿ ಮಾಡು ಎಲ್ಲಿ ಸೋರುತ್ತದೆಂಬುದೂ ಗೊತ್ತಾಗುತ್ತದೆ.