ಮಲಗುವ ಮುನ್ನ ಒಂದು ಜಲಚಕ್ರ

"ಜಲಚಕ್ರದ ಹಂತಗಳನ್ನು ವಿವರಿಸಿ" ಎಂದರೆ ಪ್ರಾಥಮಿಕ ಶಾಲೆಯ ಮಕ್ಕಳು ಸಾಮಾನ್ಯವಾಗಿ ಬರೆಯುವುದು ಇಷ್ಟು: ಸಮುದ್ರದ ನೀರು ಆವಿಯಾಗುತ್ತದೆ, ಮೋಡವಾಗುತ್ತದೆ, ಮಳೆಯಾಗುತ್ತದೆ. ತಪ್ಪೇನಿಲ್ಲ. ಆದರೆ ಆವಿ ಯಾಕೆ ಮೋಡವಾಯಿತು ಎಂದು ಕೇಳಿ ನೋಡಿ, ಮಾತು ನಿಂತುಹೋಗುತ್ತದೆ. ಪಠ್ಯದಲ್ಲಿ ಸಾಂದ್ರೀಕರಣ ಎನ್ನುವ ಆ ನಡುವಿನ ಹಂತ ಮುಗಿಲೆತ್ತರದಲ್ಲಿ ನಡೆಯುವಂಥದ್ದು, ಬಾಯಿಪಾಠದಲ್ಲಿ ಮೊದಲು ಜಾರಿಹೋಗುವುದೂ ಅದೇ. ಹಾಗಾಗಿ ಪರೀಕ್ಷೆಯ ಹಿಂದಿನ ರಾತ್ರಿ ಹೇಳುವ ಕಥೆ ಉಳಿದ ಕಡೆ ಬೇಗ ಸಾಗಿದರೂ ಅಲ್ಲಿ ತುಸು ಹೊತ್ತು ನಿಲ್ಲಬೇಕು. ಐದು ನಿಮಿಷದ ಅಂಥದೊಂದು ಕಥೆ ಹೀಗಿರಬಹುದು.

ಮಂಗಳೂರಿನ ಕಡಲಲ್ಲಿ ಬಿಂದು ಅಂತ ಒಂದು ಹನಿ ಇದ್ದಳು. ಅಕ್ಕಪಕ್ಕವೆಲ್ಲ ಉಪ್ಪು. ಬಿಸಿಲು ಕಾಯಿಸಿತು, ಗಾಳಿ ಬೀಸಿತು. ಬಿಂದು ಹಗುರಾಗಿ ಹಗುರಾಗಿ ಯಾರ ಕಣ್ಣಿಗೂ ಕಾಣದ ಆವಿಯಾದಳು. "ಉಪ್ಪಣ್ಣಾ, ಬರ್ತೀಯಾ?" ಅಂದಳು. "ನನಗೆ ಹಾರೋಕೆ ಬರಲ್ಲಮ್ಮಾ, ನೀನು ಹೋಗಿ ಬಾ" ಅಂತ ಉಪ್ಪು ಕಡಲಲ್ಲೇ ಉಳಿಯಿತು.

ಮುಂಗಾರು ಗಾಳಿ ಅವಳನ್ನು ಎತ್ತಿಕೊಂಡು ಪೂರ್ವಕ್ಕೆ ಓಡಿತು. ಎದುರಿಗೆ ಘಟ್ಟ! ದಾರಿ ಇಲ್ಲ. ಗಾಳಿ ಬೆಟ್ಟ ಹತ್ತತೊಡಗಿತು. ಮೇಲೆ ಹೋದಷ್ಟೂ ಚಳಿ. ಬಿಂದುವಿಗೆ ನಡುಕ ಬಂತು. ಹಿಡಿದುಕೊಳ್ಳೋಕೆ ಏನಾದರೂ ಬೇಕಲ್ಲ? ಅಲ್ಲೊಂದು ಧೂಳಿನ ಕಣ ತೇಲುತ್ತಿತ್ತು. ಅದನ್ನು ತಬ್ಬಿಕೊಂಡಳು. ಆ ಚಳಿಗೆ ಅವಳು ಮತ್ತೆ ನೀರಾದಳು, ಪುಟಾಣಿ ಹನಿ. ಸುತ್ತ ನೋಡಿದರೆ ಅಂಥ ಹನಿಗಳು ಲಕ್ಷ ಲಕ್ಷ. ಎಲ್ಲ ಸೇರಿ ಕೆಳಗಿನವರಿಗೆ ಮೋಡವಾಗಿ ಕಂಡವು. ಹನಿ ಹನಿ ಕೂಡಿಕೊಂಡು ದಪ್ಪಗಾದವು. ಭಾರ ತಡೆಯದೆ ದಬದಬ ಮಳೆ ಸುರಿಯಿತು.

ಬಿಂದು ಬಿದ್ದದ್ದು ಕುದುರೆಮುಖದ ಹತ್ತಿರ, ಗಂಗಾಮೂಲದಲ್ಲಿ. ಪಕ್ಕದಲ್ಲಿ ಬಿದ್ದ ಗೆಳತಿ ಪಶ್ಚಿಮಕ್ಕೆ ಜಾರಿ ನೇತ್ರಾವತಿ ಸೇರಿ ಮತ್ತೆ ಮಂಗಳೂರಿಗೇ ಹೋದಳು. ಇನ್ನೊಬ್ಬಳು ಮಣ್ಣೊಳಗೆ ಇಂಗಿ ಅಂತರ್ಜಲವಾದಳು. ಬಿಂದು ಪೂರ್ವಕ್ಕೆ ಜಾರಿದಳು. ತುಂಗೆಯಾಗಿ, ಕೂಡಲಿಯಲ್ಲಿ ಭದ್ರೆಯ ಕೈ ಹಿಡಿದು, ಆಮೇಲೆ ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಗೆ. ಅಲ್ಲೂ ಬಿಸಿಲು ಕಾಯುತ್ತಿತ್ತು.

ಕಥೆಯಲ್ಲಿ ಬಿಂದು ತಾನಾಗಿ ಎಲ್ಲಿಗೂ ಹೊರಡುವುದಿಲ್ಲ ಎಂಬುದನ್ನು ಗಮನಿಸಿ. ಬಿಸಿಲು ಎಬ್ಬಿಸಿತು, ಬೆಟ್ಟ ಏರಿಸಿತು, ಚಳಿ ನೀರಾಗಿಸಿತು, ಭಾರ ಕೆಡವಿತು, ಇಳಿಜಾರು ಹರಿಸಿತು. "ಬಿಂದುವಿಗೆ ಊರು ನೋಡುವ ಆಸೆಯಾಯಿತು, ಕೆಳಗಿಳಿದಳು" ಎಂದು ಹೇಳಿದರೆ ಮಗುವಿಗೆ ಕಥೆ ನೆನಪಿರುತ್ತದೆ, ಕಾರಣ ಸಿಗುವುದಿಲ್ಲ. ಪ್ರಶ್ನೆಪತ್ರಿಕೆ ಕೇಳುವುದು ಕಾರಣವನ್ನು.

ಹೇಳುವವರು ಎಡವುವ ಜಾಗಗಳೂ ಇವೆ. ಬಿಸಿಲಿಗೆ ಕಡಲು ಕುದಿಯಿತು ಎನ್ನಬಾರದು. ಆವಿಯಾಗಲು ನೀರು 100 ಡಿಗ್ರಿ ಮುಟ್ಟಬೇಕಿಲ್ಲ, ಮೇಲ್ಮೈಯಿಂದ ಸದಾ ಆವಿ ಏಳುತ್ತಲೇ ಇರುತ್ತದೆ. ಮೋಡ ಎಂದರೆ ಆವಿ ಎನ್ನುವುದೂ ಸರಿಯಲ್ಲ. ಆವಿ ಕಾಣುವುದಿಲ್ಲ. ಕಾಣುವ ಮೋಡ ಆಗಲೇ ನೀರಾದ ಹನಿಗಳದ್ದು, ತೀರಾ ಎತ್ತರದಲ್ಲಾದರೆ ಮಂಜುಗಡ್ಡೆಯ ಹರಳುಗಳದ್ದು. ಇನ್ನು ಮೋಡಕ್ಕೆ ಮೋಡ ಡಿಕ್ಕಿ ಹೊಡೆದು ಮಳೆ ಬರುತ್ತದೆ ಎಂಬ ಮಾತು ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಕೂಡಿಕೊಳ್ಳುವುದು ಮೋಡದೊಳಗಿನ ಹನಿಗಳು. ಮೋಡದ ಹನಿ ಸುಮಾರು 0.02 ಮಿಲಿಮೀಟರ್, ಮಳೆಹನಿ ಸುಮಾರು 2 ಮಿಲಿಮೀಟರ್. ಅಡ್ಡಳತೆಯಲ್ಲಿ ನೂರು ಪಟ್ಟು ಎಂದರೆ ನೀರಿನ ಲೆಕ್ಕದಲ್ಲಿ ಹತ್ತು ಲಕ್ಷ ಪುಟಾಣಿ ಹನಿಗಳು ಸೇರಿ ಒಂದು ಮಳೆಹನಿ. ನಿಜಕ್ಕೂ ಬಿಂದು ಒಬ್ಬಳೇ ಬಿಂದುವಾಗಿ ಉಳಿಯಲಾರಳು. ಮಲಗುವ ಹೊತ್ತಿನಲ್ಲಿ ಕಥೆಗೆ ಅಷ್ಟು ಸಲಿಗೆ ಕೊಡಬಹುದು.

ಚಳಿಯ ಭಾಗ ನಂಬಿಕೆಯಾಗದಿದ್ದರೆ ಫ್ರಿಜ್ಜಿನ ತಣ್ಣೀರು ತುಂಬಿದ ಸ್ಟೀಲ್ ಲೋಟವನ್ನು ಮೇಜಿನ ಮೇಲಿಡಿ. ಸ್ವಲ್ಪ ಹೊತ್ತಿನಲ್ಲಿ ಹೊರಮೈ ಬೆವರುತ್ತದೆ. ಒಳಗಿನ ನೀರು ಲೋಹ ದಾಟಿ ಬಂದದ್ದಲ್ಲ, ಕೋಣೆಯ ಗಾಳಿಯಲ್ಲಿದ್ದ ಆವಿ ತಣ್ಣನೆಯ ಮೈಗೆ ತಾಗಿ ನೀರಾಯಿತು. ಘಟ್ಟದ ಮೇಲೂ ಇದೇ. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಮೀಟರಿಗೂ ಹೆಚ್ಚು ಮಳೆ ಬೀಳುವುದರ ಹಿಂದೆ ಈ ಏರುಗಾಳಿಯೇ ಇದೆ. ಘಟ್ಟ ಇಳಿದು ಬಯಲುಸೀಮೆಗೆ ಬಂದರೆ ಮಳೆ ಎಷ್ಟೋ ಕಡಿಮೆ.

ಪಠ್ಯದ ಹೆಸರುಗಳನ್ನು ಬೆಳಿಗ್ಗೆ ಕೊಡಿ. ಬಿಂದು ಕಾಣದಾದದ್ದು ಬಾಷ್ಪೀಕರಣ, ಧೂಳನ್ನು ತಬ್ಬಿದ್ದು ಸಾಂದ್ರೀಕರಣ, ಬಿದ್ದದ್ದು ವರ್ಷಣ, ಗೆಳತಿಯದು ಇಂಗುವಿಕೆ. ನಿಮ್ಮ ಪುಸ್ತಕದಲ್ಲಿ ಬೇರೆ ಪದ ಇದ್ದರೆ ಅದನ್ನೇ ಹೇಳಿ. ಆಮೇಲೆ ಮಗುವೇ ಕಥೆ ಹೇಳಲಿ. "ಮೇಲೆ ಹೋದಳು, ಮಳೆಯಾದಳು" ಎಂದು ಚಳಿಯನ್ನು ಹಾರಿಸಿದರೆ ಲೋಟದ ಹತ್ತಿರ ಮತ್ತೆ ಕರೆದುಕೊಂಡು ಹೋಗಿ.

ಚಿತ್ರ ಬರೆಯಬೇಕಾದರೆ ಎಡಕ್ಕೆ ಅರಬ್ಬೀ ಸಮುದ್ರ, ನಡುವೆ ಘಟ್ಟ, ಬಲಕ್ಕೆ ನದಿ ಮತ್ತು ಕೊಲ್ಲಿ. ಬಾಣಗಳು ಬಿಂದುವಿನ ದಾರಿಯಲ್ಲೇ ಸಾಗುತ್ತವೆ. ಮಕ್ಕಳು ಬಿಟ್ಟುಬಿಡುವುದು ಕೊನೆಯ ಬಾಣವನ್ನು. ಬಂಗಾಳ ಕೊಲ್ಲಿಯಿಂದ ಆಕಾಶಕ್ಕೆ ಅದನ್ನು ಎಳೆಯದಿದ್ದರೆ ಚಿತ್ರ ನದಿಯದ್ದಾಗುತ್ತದೆ, ಚಕ್ರದ್ದಾಗುವುದಿಲ್ಲ.