ಹುಲಿ ಅನ್ನೋದೇನೋ ಸರಿ, ಯಾವ ಹುಲಿ?

ಕಾಡಂಚಿನ ಊರಲ್ಲಿ ಹುಲಿ ಒಬ್ಬ ಮನುಷ್ಯನನ್ನು ಕೊಂದಿತು ಅಂದ ತಕ್ಷಣ ಟಿ.ವಿ. ಪರದೆ ಕೆಂಪಾಗುತ್ತೆ. ‘ನರಭಕ್ಷಕನ ಅಟ್ಟಹಾಸ’ ಅಂತ ದಪ್ಪಕ್ಷರ ಓಡುತ್ತೆ. ಹಿಂದೆ ಯಾವುದೋ ಸಫಾರಿಯಲ್ಲಿ, ಯಾವುದೋ ವರ್ಷ ತೆಗೆದ, ಯಾವುದೋ ಹುಲಿಯ ದೃಶ್ಯ. ನೋಡುವವರು ಯಾರೂ ತಕರಾರು ಮಾಡಲ್ಲ. ಹುಲಿ ಅಂದ್ರೆ ಹುಲಿ ತಾನೆ? ಅತ್ತ ಊರಿನ ಜನ ಅರಣ್ಯ ಇಲಾಖೆಯ ಜೀಪಿಗೆ ಅಡ್ಡ ನಿಂತು ಕೇಳೋದೂ ಒಂದೇ ಮಾತು: ‘ಆ ಹುಲೀನ ಹಿಡೀರಿ, ಇಲ್ಲಾ ಗುಂಡು ಹೊಡೀರಿ.’ ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಮನೆಯ ದುಡಿಯೋ ಜೀವ ಹೋಗಿದೆ, ನಾಳೆ ಮತ್ತೆ ಅದೇ ಹೊಲಕ್ಕೆ ದನ ಹೊಡ್ಕೊಂಡು ಹೋಗಬೇಕು. ಆದರೆ ಅವರ ಮಾತಿನ ಮೊದಲನೇ ಅಕ್ಷರ ನೋಡಿ: ‘ಆ’. ನಾನಿವತ್ತು ಹೇಳಬೇಕು ಅಂತಿರೋದು ಆ ಒಂದು ಅಕ್ಷರದ ಬಗ್ಗೆ.

‘ಇದು ಹುಲಿ’ ಅನ್ನೋದು ಒಂದು ಉತ್ತರ. ‘ಇದು ಆ ಹುಲಿ’ ಅನ್ನೋದು ಇನ್ನೊಂದು. ಮೇಲ್ನೋಟಕ್ಕೆ ಎರಡನೆಯದು ಮೊದಲನೆಯದರ ಮುಂದುವರಿದ ಭಾಗ ಅನ್ನಿಸುತ್ತೆ. ಅಲ್ಲ, ಅದು ಉಲ್ಟಾ ಕೆಲಸ. ಹುಲಿ ಅಂತ ಗುರುತಿಸೋಕೆ ಎಲ್ಲಾ ಹುಲಿಗಳಲ್ಲೂ ಇರೋದನ್ನ ನೋಡ್ತೀವಿ: ಕೇಸರಿ ಮೈ, ಕಪ್ಪು ಪಟ್ಟೆ, ಬಿಳಿ ಹೊಟ್ಟೆ. ಚಿರತೆಗಾದರೆ ಪಟ್ಟೆಯಿಲ್ಲ, ಚುಕ್ಕೆಗಳ ಗುಂಪು. ಶಾಲೆಗೆ ಹೋಗೋ ಮಗು ಕೂಡ ಒಂದು ಕ್ಷಣದಲ್ಲಿ ಹೇಳುತ್ತೆ. ಯಾವ ಹುಲಿ ಅಂತ ಹೇಳೋಕೆ ಮಾತ್ರ ಬೇರೆ ಯಾವ ಹುಲಿಯಲ್ಲೂ ಇಲ್ಲದ್ದನ್ನ ಹುಡುಕಬೇಕು. ಅಷ್ಟೇ ಅಲ್ಲ, ಅದೇ ಹುಲಿಯ ಹಳೇ ಫೋಟೊ ನಮ್ಮ ಹತ್ತಿರ ಮೊದಲೇ ಇರಬೇಕು. ಪೊಲೀಸರ ಕೈಯಲ್ಲಿ ಕಳ್ಳನ ಬೆರಳಚ್ಚು ಇದ್ದು, ಹೋಲಿಸೋಕೆ ದಾಖಲೆಯೇ ಇಲ್ಲದಿದ್ದರೆ ಏನು ಪ್ರಯೋಜನ? ಇದೂ ಹಾಗೇ.

ಈ ಎರಡು ಕೆಲಸಗಳ ನಡುವೆ ಎಷ್ಟು ದೂರ ಅನ್ನೋದಕ್ಕೆ ಒಂದು ಲೆಕ್ಕ ಕೊಡ್ತೀನಿ. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ ದೇಶದ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಬಂದ ಫೋಟೊಗಳು ಸುಮಾರು ಮೂರೂವರೆ ಕೋಟಿ. ಜಿಂಕೆ, ಕಾಡುಹಂದಿ, ಆನೆ, ದನ, ಮನುಷ್ಯ ಎಲ್ಲಾ ಸೇರಿ. ಅದರಲ್ಲಿ ‘ಇದು ಹುಲಿ’ ಅಂತ ಬೇರೆ ಮಾಡಿದ ಫೋಟೊಗಳು 76,651. ಇಲ್ಲಿಗೆ ಮೊದಲನೇ ಪ್ರಶ್ನೆ ಮುಗೀತು. ಎರಡನೇ ಪ್ರಶ್ನೆ ಕೇಳಿದ ಮೇಲೆ ಉಳಿದ ಸಂಖ್ಯೆ ಎಷ್ಟು ಗೊತ್ತಾ? 2,461. ಅಂದರೆ ಒಂದೊಂದು ಹುಲಿ ಸರಾಸರಿ ಮೂವತ್ತು ಸಲ ಕ್ಯಾಮೆರಾ ಮುಂದೆ ಹಾದು ಹೋಗಿತ್ತು. ಯಾವುದು ಯಾವುದು ಅಂತ ಬಿಡಿಸದೇ ಹೋಗಿದ್ದರೆ ಆ 76,651 ಫೋಟೊಗಳಿಂದ ಕಾಡಲ್ಲಿ ಹುಲಿ ಇದೆ ಅಂತ ಮಾತ್ರ ಗೊತ್ತಾಗ್ತಿತ್ತು. ಎಷ್ಟಿವೆ ಅಂತ ಗೊತ್ತಾಗ್ತಿರಲಿಲ್ಲ.

ಹಾಗಾದರೆ ಬಿಡಿಸೋದು ಹೇಗೆ? ಈ ವಿಷಯದಲ್ಲಿ ನಮ್ಮ ನಾಗರಹೊಳೆಗೆ ದೊಡ್ಡ ಹೆಸರಿದೆ. 1990ರ ದಶಕದ ಆರಂಭದಲ್ಲೇ ಉಲ್ಲಾಸ ಕಾರಂತರು ಅಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಹುಲಿಗಳನ್ನ ಲೆಕ್ಕ ಹಾಕೋ ವಿಧಾನವನ್ನ ಬೆಳೆಸಿದರು. ಹುಲಿ ಓಡಾಡೋ ಕಾಡುದಾರಿ ಹುಡುಕ್ತಾರೆ. ದಾರಿಯ ಎರಡೂ ಕಡೆ, ಹೆಚ್ಚೂಕಮ್ಮಿ ಮೊಣಕಾಲೆತ್ತರಕ್ಕೆ, ಒಂದೊಂದು ಕ್ಯಾಮೆರಾ ಕಟ್ತಾರೆ. ಹುಲಿ ನಡುವೆ ಹಾದಾಗ ಎಡ, ಬಲ ಎರಡೂ ಪಕ್ಕೆಯ ಫೋಟೊ ಒಟ್ಟಿಗೇ ಬೀಳುತ್ತೆ.

ಎರಡು ಕ್ಯಾಮೆರಾ ಯಾಕೆ? ಇದೇ ಈ ವಿದ್ಯೆಯ ಗುಟ್ಟು. ಹುಲಿಯ ಎಡ ಪಕ್ಕೆಯ ಪಟ್ಟೆ ಬಲ ಪಕ್ಕೆಯ ಪಟ್ಟೆ ಥರ ಇರಲ್ಲ. ಒಂದೇ ಕ್ಯಾಮೆರಾ ಇಟ್ಟರೆ ಇವತ್ತು ಹೋಗುವಾಗ ಎಡ ಪಕ್ಕೆ, ನಾಳೆ ವಾಪಸ್ ಬರುವಾಗ ಬಲ ಪಕ್ಕೆ ಸಿಗುತ್ತೆ. ಎರಡನ್ನೂ ಜೋಡಿಸೋ ದಾರಿಯೇ ಇಲ್ಲದೆ ಒಂದು ಹುಲಿ ಲೆಕ್ಕದಲ್ಲಿ ಎರಡಾಗಿಬಿಡಬಹುದು. ಎರಡೂ ಪಕ್ಕೆ ಒಟ್ಟಿಗೆ ಸಿಕ್ಕ ಫೋಟೊ ಒಂದಾದರೂ ಇದ್ದರೆ, ಮುಂದೆ ಯಾವ ಪಕ್ಕೆ ಸಿಕ್ಕರೂ ಹೋಲಿಸಬಹುದು.

ಪಟ್ಟೆ ಹುಲಿಗೆ ಹುಟ್ಟೋ ಮುಂಚೆಯೇ ತಾಯಿಯ ಹೊಟ್ಟೆಯಲ್ಲೇ ಮೂಡಿರುತ್ತೆ. ಮರಿ ಬೆಳೆದ ಹಾಗೆ ಪಟ್ಟೆಯೂ ಹಿಗ್ಗುತ್ತೆ, ಆದರೆ ವಿನ್ಯಾಸ ಬದಲಾಗಲ್ಲ. ಒಂದೇ ತಾಯಿಯ ಒಂದೇ ಸೂಲಿನ ಮರಿಗಳಲ್ಲೂ ಒಂದರದ್ದು ಇನ್ನೊಂದರ ಹಾಗಿರಲ್ಲ. ಅದಕ್ಕೇ ಇದನ್ನ ನಂಬಬಹುದು.

ಹೋಲಿಸೋರು ಪಟ್ಟೆ ಎಷ್ಟು ದಪ್ಪ, ಎಷ್ಟು ಕಪ್ಪು ಅಂತ ನೋಡಲ್ಲ. ಬೆಳಕು ಬದಲಾದರೆ ಅದೂ ಬದಲಾಗುತ್ತೆ. ಅವರು ನೋಡೋದು ಜೋಡಣೆಯನ್ನ. ಈ ಪಟ್ಟೆ ಎಲ್ಲಿ ಕವಲೊಡೆದಿದೆ? ಪಕ್ಕದ ಎರಡು ಪಟ್ಟೆ ಕೂಡಿ ಎಲ್ಲಿ ಕುಣಿಕೆ ಥರ ಆಗಿವೆ? ನಡುವೆ ತುಂಡಾಗಿ ಎಲ್ಲಿ ಬರೀ ಚುಕ್ಕಿ ಉಳಿದಿದೆ? ಆ ಚುಕ್ಕಿಯ ಹಿಂದಿನ ಪಟ್ಟೆ ಒಂಟಿಯೋ, ಜೋಡಿಯೋ? ಪಕ್ಕೆಯಲ್ಲಿ, ತೊಡೆಯಲ್ಲಿ, ಬಾಲದಲ್ಲಿ ಹೀಗೆ ಬೇರೆ ಬೇರೆ ಜಾಗ ಆರಿಸಿಕೊಂಡು ನೋಡ್ತಾರೆ. ಭುಜದ ಹತ್ತಿರ ಸ್ವಲ್ಪ ಹುಷಾರಾಗಿರಬೇಕು, ಯಾಕಂದ್ರೆ ಕಾಲು ಮುಂದಿಟ್ಟಾಗ ಅಲ್ಲಿ ಚರ್ಮ ಮಡಚಿ ಪಟ್ಟೆಯ ಆಕಾರವೇ ಬೇರೆ ಕಾಣುತ್ತೆ. ಒಂದು ಕವಲು ಹೊಂದಿದ ಮಾತ್ರಕ್ಕೆ ‘ಅದೇ ಹುಲಿ’ ಅನ್ನೋ ಹಾಗಿಲ್ಲ, ಹಲವು ಗುರುತು ಹೊಂದಬೇಕು. ಹೊಂದದೇ ಇರೋಕೆ ಮಾತ್ರ ಒಂದೇ ಸಾಕು. ಫೋಟೊ ಸ್ಪಷ್ಟವಾಗಿದ್ದು ಒಂದೇ ಒಂದು ಪಟ್ಟೆ ಖಂಡಿತ ಬೇರೆ ಅಂತಾದರೆ, ಅದು ಬೇರೆ ಹುಲಿ.

ಸಾವಿರಾರು ಫೋಟೊ ಬಂದಾಗ ಕಣ್ಣೊಂದೇ ಸಾಲಲ್ಲ. ಅದಕ್ಕೆ ‘ಎಕ್ಸ್‌ಟ್ರಾಕ್ಟ್‌ಕಂಪೇರ್’ ಅನ್ನೋ ಸಾಫ್ಟ್‌ವೇರ್ ಬಳಸ್ತಾರೆ. ಅದು ಹುಲಿಯ ಮೈಯ ಒಂದು ಅಚ್ಚಿನ ಮೇಲೆ ಫೋಟೊ ಹೊದಿಸಿ, ಓರೆಯಾಗಿ ಬಂದ ಪಟ್ಟೆಯನ್ನ ನೇರ ಮಾಡಿಕೊಂಡು, ದಾಖಲೆಯಲ್ಲಿ ಇದಕ್ಕೆ ಹತ್ತಿರ ಇರೋ ಹುಲಿಗಳನ್ನ ಮುಂದಿಡುತ್ತೆ. ಕೊನೇ ತೀರ್ಮಾನ ಮನುಷ್ಯನ ಕಣ್ಣಿನದ್ದೇ. ಸುಲಿದ ಹುಲಿ ಚರ್ಮ ಸಿಕ್ಕಾಗಲೂ ಹೀಗೇ ಹೋಲಿಸಬಹುದು, ಬದುಕಿದ್ದಾಗಿನ ಫೋಟೊ ಇದ್ದರೆ ಅದು ಯಾವ ಕಾಡಿನ ಹುಲಿ ಅಂತ ಹೇಳಬಹುದು.

ಇದರಿಂದ ಏನು ಗೊತ್ತಾಗುತ್ತೆ ಅನ್ನೋದಕ್ಕೆ ನಮ್ಮದೇ ರಾಜ್ಯದ ಒಂದು ಉದಾಹರಣೆ. 2011ರ ಮೇ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಗಾಮ ಗ್ರಾಮದಲ್ಲಿ ಒಂದು ಗಂಡು ಹುಲಿ ಸೆರೆ ಸಿಕ್ಕಿತು. ಅದು ಹುಲಿ ಅಂತ ಊರಿಗೆಲ್ಲ ಗೊತ್ತಿತ್ತು, ಅದಕ್ಕೆ ಯಾವ ತಜ್ಞರೂ ಬೇಕಿರಲಿಲ್ಲ. ಎಲ್ಲಿಂದ ಬಂತು ಅಂತ ಹೇಳೋರು ಅಲ್ಲಿ ಯಾರೂ ಇರಲಿಲ್ಲ. ಅದರ ಪಟ್ಟೆಯನ್ನ ಹಳೇ ಫೋಟೊಗಳ ಜೊತೆ ಹೋಲಿಸಿ ನೋಡಿದರೆ, ಹಿಂದಿನ ವರ್ಷ ಬಂಡೀಪುರದ ಕ್ಯಾಮೆರಾದಲ್ಲಿ ಸಿಕ್ಕಿ ‘ಬಿಪಿಟಿ-241’ ಅಂತ ನಂಬರ್ ಪಡೆದಿದ್ದ ಹುಲಿ! ನೇರ ಗೆರೆ ಎಳೆದರೂ ಸುಮಾರು 280 ಕಿಲೋಮೀಟರ್ ದೂರ. ನಡುವೆ ಎಷ್ಟು ಊರು, ಎಷ್ಟು ತೋಟ, ಎಷ್ಟು ಹೆದ್ದಾರಿ ಲೆಕ್ಕ ಹಾಕಿ. ‘ಶಿಕಾರಿಪುರದಲ್ಲಿ ಹುಲಿ’ ಅನ್ನೋದು ಒಂದು ದಿನದ ಸುದ್ದಿ. ‘ಬಂಡೀಪುರದ ಹುಲಿ ಶಿಕಾರಿಪುರದಲ್ಲಿ’ ಅಂದಾಗ ಮಾತ್ರ ಹುಲಿ ನಡೆದು ಬಂದ ದಾರಿಯೊಂದು ಇನ್ನೂ ಉಳಿದಿದೆ ಅಂತ ಗೊತ್ತಾಗುತ್ತೆ.

‘ಹೆಜ್ಜೆ ಗುರುತು ನೋಡಿ ಹೇಳ್ತಿದ್ದರಲ್ಲ, ಅದೇನಾಯ್ತು?’ ಅಂತ ಕೇಳೋರಿದ್ದಾರೆ. ಹೆಜ್ಜೆ ನೋಡಿ ಹುಲಿ ಅಂತ ಹೇಳಬಹುದು, ಗಂಡೋ ಹೆಣ್ಣೋ ಅಂತ ಅಂದಾಜೂ ಮಾಡಬಹುದು. ಆದರೆ ಅದೇ ಹುಲಿಯ ಹೆಜ್ಜೆ ಒದ್ದೆ ಮಣ್ಣಲ್ಲಿ ಒಂಥರಾ, ಧೂಳಲ್ಲಿ ಇನ್ನೊಂಥರಾ ಬೀಳುತ್ತೆ. ದಶಕಗಳ ಕಾಲ ಹೆಜ್ಜೆ ಎಣಿಸಿಯೇ ಹುಲಿ ಎಣಿಸಿದರು. ರಾಜಸ್ಥಾನದ ಸರಿಸ್ಕಾದಲ್ಲಿ ಹಾಗೆ ಎಣಿಸಿದ ಹುಲಿಗಳು ಕಾಗದದಲ್ಲಿದ್ದವು, 2005ರ ಹೊತ್ತಿಗೆ ಕಾಡಲ್ಲಿ ಒಂದೂ ಇರಲಿಲ್ಲ. ಆಮೇಲೆ ಆ ಪದ್ಧತಿಯನ್ನ ಕೈಬಿಟ್ಟರು.

ಈಗ ಮತ್ತೆ ಆ ‘ಆ’ಗೆ ಬರೋಣ. 2021ರಲ್ಲಿ ತಮಿಳುನಾಡಿನ ಗೂಡಲೂರು, ಮಸಿನಗುಡಿ ಕಡೆ ಮನುಷ್ಯರನ್ನ, ದನಗಳನ್ನ ಕೊಂದಿದೆ ಅಂತ ಒಂದು ಹುಲಿಯ ಬೆನ್ನು ಹತ್ತಿದರು. ಅದಕ್ಕೆ ‘ಎಂಡಿಟಿ-23’ ಅಂತ ಹೆಸರು, ಮುದುಮಲೈ ದಾಖಲೆಯಲ್ಲಿದ್ದ ನಂಬರ್. ಬೇಟೆಗೆ ಆದೇಶ ಹೊರಟಿತು, ತಕ್ಷಣ ಕೊಲ್ಲಬೇಡಿ ಅಂತ ಮದ್ರಾಸ್ ಹೈಕೋರ್ಟ್ ಹೇಳಿತು. ಪಳಗಿದ ಆನೆ, ನಾಯಿ, ಕ್ಯಾಮೆರಾ ಎಲ್ಲಾ ಇಟ್ಟುಕೊಂಡು ಸುಮಾರು ಮೂರು ವಾರ ಹುಡುಕಿದರು. ಹುಡುಕಾಟ ಯಾಕೆ ಅಷ್ಟು ನಿಧಾನ ಅಂತ ಬೈದವರೂ ಇದ್ದರು. ನೋಡಿ, ಅದು ಮುದುಮಲೈ ಪಕ್ಕದ ಕಾಡು. ಅಲ್ಲಿ ಬೇರೆ ಹುಲಿಗಳೂ ಓಡಾಡ್ತವೆ. ಪೊದೆಯಲ್ಲಿ ಕೇಸರಿ ಬಣ್ಣ ಕಂಡ ತಕ್ಷಣ ಕುದುರೆ ಎಳೆಯೋ ಹಾಗಿಲ್ಲ. ಮೊದಲು ಪಟ್ಟೆ ತಾಳೆಯಾಗಬೇಕು. ಕೊನೆಗೆ ಅಕ್ಟೋಬರ್ 15ರಂದು ಅದನ್ನ ಜೀವಂತ ಹಿಡಿದು, ಚಿಕಿತ್ಸೆಗೆ ನಮ್ಮ ಮೈಸೂರಿಗೇ ತಂದರು.

ಬೇರೆ ಹುಲಿ ಸತ್ತರೆ ಏನು ಮಹಾ ಅಂತ ಕೇಳಬಹುದು. ಹುಲಿ ಮೇಲಿನ ಪ್ರೀತಿ ಪಕ್ಕಕ್ಕಿಡಿ, ಊರಿನವರ ಲಾಭನಷ್ಟವನ್ನೇ ನೋಡಿ. ತಪ್ಪು ಹುಲಿ ಸತ್ತ ದಿನ ಪಟಾಕಿ ಹೊಡೀತಾರೆ, ಗಸ್ತು ನಿಲ್ಲುತ್ತೆ, ಜನ ಮತ್ತೆ ಧೈರ್ಯವಾಗಿ ಹೊಲಕ್ಕೆ ಹೋಗ್ತಾರೆ. ಕೊಂದ ಹುಲಿ ಅಲ್ಲೇ ಇರುತ್ತೆ.

ಕೊನೆಯದಾಗಿ ಒಂದು ಮಿತಿಯನ್ನೂ ಹೇಳಲೇಬೇಕು. ಫೋಟೊದಲ್ಲಿ ಇರೋದು ಯಾರು ಅಂತ ಪಟ್ಟೆ ಹೇಳುತ್ತೆ. ಕೊಂದದ್ದು ಯಾರು ಅಂತ ಹೇಳಲ್ಲ. ಶವದ ಹತ್ತಿರ ಇಟ್ಟ ಕ್ಯಾಮೆರಾದಲ್ಲಿ ಮಾರನೇ ದಿನ ಕಂಡ ಹುಲಿ ಸುಮ್ಮನೆ ಆ ದಾರಿಯಲ್ಲಿ ಹೋದದ್ದೂ ಇರಬಹುದು. ಅದಕ್ಕೇ ಸ್ಥಳದಲ್ಲಿ ಸಿಕ್ಕ ಕೂದಲು, ಗಾಯದ ಮೇಲಿನ ಜೊಲ್ಲಿನ ಡಿಎನ್‌ಎ, ಮತ್ತೆ ಮತ್ತೆ ಅದೇ ಹುಲಿ ದಾಳಿ ನಡೆದ ಜಾಗಗಳಲ್ಲೇ ಕಂಡಿದೆಯೇ ಅನ್ನೋದು, ಇವೆಲ್ಲಾ ಸೇರಬೇಕು. ಹುಲಿಯಂಥ ಪ್ರಾಣಿಯನ್ನ ಬೇಟೆಯಾಡೋಕೆ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಕೊಟ್ಟು ಲಿಖಿತ ಆದೇಶ ಮಾಡಬೇಕು ಅಂತ 1972ರ ಕಾಯ್ದೆ ಹೇಳುತ್ತೆ. ಆ ಕಾಗದದಲ್ಲಿ ‘ಒಂದು ಹುಲಿ’ ಅಂತ ಬರೆದರೆ ಸಾಲದು.

ಇನ್ನು ಮುಂದೆ ಪರದೆ ಮೇಲೆ ‘ನರಭಕ್ಷಕ ಹುಲಿ ಸೆರೆ’ ಅಂತ ಬಂದಾಗ, ನಮ್ಮ ಚಾನೆಲ್ ಆಗಲಿ, ಇನ್ನೊಬ್ಬರದ್ದಾಗಲಿ, ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ: ಪಟ್ಟೆ ತಾಳೆ ನೋಡಿದ್ರಾ? ಯಾವ ಫೋಟೊ ಜೊತೆ?