ಕಾಯಿ ಹೊಡೆಯದೆ ಬಾಗಿಲು ತೆರೆಯದು

ಮೈಸೂರಿನ ಹಳೆಯ ವಠಾರವೊಂದರ ಜಗಲಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಎರಡು ಮನೆಗಳ ಅಜ್ಜಿಯರು ಚೌಕಾಬಾರಕ್ಕೆ ಕೂರುತ್ತಾರೆ. ಸೀಮೆಸುಣ್ಣದಲ್ಲಿ ಬರೆದ 25 ಮನೆ, ನಾಲ್ಕು ಕವಡೆ, ಒಬ್ಬರಿಗೆ ಬಳೆಚೂರು, ಇನ್ನೊಬ್ಬರಿಗೆ ಹುಣಸೆಬೀಜ.

ಕವಡೆ ಎಷ್ಟು ಅಂಗಾತ ಬಿದ್ದರೆ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ಎಲ್ಲ ಬೋರಲಾದರೆ ಎಂಟು. ಇವೆರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತಿನಲ್ಲಿ ತಿರುಗುಮುರುಗಾಗಿ ನಡೆದು, ನಡುಮನೆಯಲ್ಲಿ ಹಣ್ಣಾಗಬೇಕು. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಆಟದ ಬಿಸಿಯೆಲ್ಲ ಈ ನಿಯಮದಲ್ಲಿದೆ. ಬರೀ ಕಟ್ಟೆಯಿಂದ ಕಟ್ಟೆಗೆ ಜೋಪಾನವಾಗಿ ಸರಿಯುವವರು ಕೊನೆಗೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ಆ ಸಂಜೆ ಹಿರಿಯಜ್ಜಿಯ ಗತಿ ಅದೇ. ಅವರ ಒಂದು ಬಳೆಚೂರು ಒಳಸುತ್ತಿನ ಬಾಗಿಲಲ್ಲಿ ಕಾಯುತ್ತಿತ್ತು. ಇನ್ನೊಂದರ ಎರಡು ಮನೆ ಮುಂದೆ, ಕಟ್ಟೆಯಿಲ್ಲದ ಜಾಗದಲ್ಲಿ, ಎದುರಾಳಿಯ ಹುಣಸೆಬೀಜ. ಕವಡೆ ಚೆಲ್ಲಿದರೆ ಎಂಟು!

"ನಡೆಸಿ ಅಕ್ಕಾ, ಎಂಟು ಮನೆ," ಎಂದು ಕಿರಿಯಜ್ಜಿ ಅವಸರಿಸಿದರು. ಹತ್ತಿರದ ಕಾಯಿಯನ್ನು ನಡೆಸಿದರೆ ಬೇಟೆ ಹಿಂದೆ ಉಳಿಯುತ್ತಿತ್ತು. ಹಿರಿಯರು ಮನೆಯಲ್ಲೇ ಕೂತಿದ್ದ ಮೂರನೆಯ ಕಾಯಿಯನ್ನೆತ್ತಿ ಎದುರುಕಟ್ಟೆಗೆ ಇಟ್ಟರು. ಅಲ್ಲಿ ಯಾರೂ ಹೊಡೆಯುವಂತಿಲ್ಲ. ಹೆಚ್ಚುವರಿ ಆಟದಲ್ಲಿ ಎರಡು ಕವಡೆ ಅಂಗಾತ, ಎರಡು ಬೋರಲು.

"ಅಯ್ಯೋ, ಬಾಗಿಲವರೆಗೂ ಬಂದಿತ್ತಲ್ಲೇ!" ಎಂದು ಕಿರಿಯಜ್ಜಿ ಬೀಜವನ್ನು ಹಿಂದಕ್ಕೆ, ತಮ್ಮ ಮನೆಗೆ ಒಯ್ದರು. ಹಿರಿಯರು ಕಾಯಿ ಹೊಡೆದದ್ದಕ್ಕೆ ಸಿಕ್ಕ ಆಟಕ್ಕಾಗಿ ಆಗಲೇ ಕವಡೆ ಬಾಚುತ್ತಿದ್ದರು.